ಒಂದೇ ಡಬ್ಬಿ, ಬೇರೆ ಬೇರೆ ಹಿಮ್ಮಡಿ: ಮುರುಗಲು ತುಪ್ಪದ ಮುಲಾಮಿಗೆ ರಿವ್ಯೂ ಬರೆಯುವ ಕ್ರಮ

ಮುರುಗಲು ತುಪ್ಪಕ್ಕೆ ನಮ್ಮ ಕಡೆ ಯಾರೂ ರಿವ್ಯೂ ಬರೆದವರಲ್ಲ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಒಣಗಲು ಹಾಕಿ, ಉಳಿದ ಬೀಜವನ್ನು ಒಣಗಿಸಿ ಜಜ್ಜಿ ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟಿ ಇಟ್ಟರೆ ಚಳಿಗಾಲದ ತುಟಿಗೂ ಹಿಮ್ಮಡಿಗೂ ಅದೇ ಔಷಧ. ಈಗ ಅದೇ ತುಪ್ಪಕ್ಕೆ ಎಳ್ಳೆಣ್ಣೆ, ಜೇನುಮೇಣ, ಒಂದಿಷ್ಟು ಪರಿಮಳ ಸೇರಿಸಿ ಚಿಕ್ಕ ಡಬ್ಬಿಯಲ್ಲಿ ಮಾರುತ್ತಾರೆ. ದುಡ್ಡು ಕೊಟ್ಟು ಕೊಳ್ಳುವ ವಸ್ತು ಆದಮೇಲೆ ಕೊಳ್ಳುವವರು ಮೊದಲು ಬೇರೆಯವರ ಮಾತು ಓದುತ್ತಾರೆ. ಅಲ್ಲಿ ಒಬ್ಬರು "ಮೂರೇ ದಿನಕ್ಕೆ ಒಡಕು ಮಾಯ" ಎಂದು ಬರೆದಿರುತ್ತಾರೆ, ಅದರ ಕೆಳಗೇ ಇನ್ನೊಬ್ಬರು "ದುಡ್ಡು ದಂಡ" ಎಂದು ಬರೆದಿರುತ್ತಾರೆ.

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಯಾರ ಕಾಲು, ಯಾವ ತಿಂಗಳು, ಹೇಗೆ ಹಚ್ಚಿದ್ದು ಎನ್ನುವುದನ್ನು ಇಬ್ಬರೂ ಬಿಟ್ಟಿರುವುದರಿಂದ ಓದಿದವರಿಗೆ ಎರಡರಿಂದಲೂ ಉಪಯೋಗವಿಲ್ಲ. ಹಿಮ್ಮಡಿಯ ಮುಲಾಮನ್ನೇ ಹಿಡಿದುಕೊಂಡು, ಫಲ ಒಬ್ಬೊಬ್ಬರಿಗೆ ಒಂದೊಂದು ತರಹ ಬಂದಾಗ ಅದನ್ನು ಹೇಗೆ ನೋಡಬೇಕು, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾನಿರುವುದು ಸಾಗರ ತಾಲೂಕಿನಲ್ಲಿ. ಉದಾಹರಣೆಗಳೆಲ್ಲ ಇಲ್ಲಿನ ಮನೆ, ಇಲ್ಲಿನ ಹವೆಗೆ ಸೇರಿದವು.

ಹಂತ 1: ಯಾವುದನ್ನು ನೋಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಡಬ್ಬಿಯ ಮೇಲೆ ಹತ್ತು ಮಾತು ಬರೆದಿರುತ್ತಾರೆ: ಒಡಕು ಕೂಡಿಸುತ್ತದೆ, ಕಾಂತಿ ಕೊಡುತ್ತದೆ, ರಕ್ತಸಂಚಾರ ಹೆಚ್ಚಿಸುತ್ತದೆ, ಪಾದಕ್ಕೆ ತಂಪು. ಇವುಗಳಲ್ಲಿ ಮನೆಯಲ್ಲಿ ಕೂತು ಕಣ್ಣಿಂದ, ಕೈಯಿಂದ ನೋಡಿ ಹೇಳಬಹುದಾದದ್ದು ಯಾವುದು? ರಕ್ತಸಂಚಾರ ನಿಮಗೆ ಕಾಣುವುದಿಲ್ಲ, ಅದನ್ನು ಬಿಟ್ಟುಬಿಡಿ. ಕಾಂತಿ ಅವರವರ ಕಣ್ಣಿಗೆ ಬಿಟ್ಟದ್ದು. ಒಡಕು ಮಾತ್ರ ನೋಡಬಹುದು, ಮುಟ್ಟಬಹುದು.

ಒಡಕಿನಲ್ಲೂ ಮೂರು ಸಂಗತಿ ಬೇರೆ ಬೇರೆ. ಮೇಲಿನ ಚರ್ಮ ಒರಟಾಗಿದೆಯೇ, ಬಿರುಕು ಎಷ್ಟು ಅಗಲ ಇದೆ, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದಾಗ ನೋವಿದೆಯೇ. ಮುಲಾಮು ಮೊದಲನೆಯದನ್ನು ಎರಡು ದಿನದಲ್ಲಿ ಬದಲಿಸಬಹುದು, ಎರಡನೆಯದಕ್ಕೆ ವಾರಗಟ್ಟಲೆ ಬೇಕು. "ಮೂರೇ ದಿನಕ್ಕೆ ಮಾಯ" ಎಂದವರು ನೋಡಿದ್ದು ಮೆತ್ತಗಾದದ್ದನ್ನು, "ದುಡ್ಡು ದಂಡ" ಎಂದವರು ಕಾದದ್ದು ಬಿರುಕು ಕೂಡುವುದಕ್ಕೆ. ಈ ಎರಡನ್ನು ಬಿಡಿಸಿ ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಂತ 2: ಡಬ್ಬಿಯ ಹಿಂಬದಿ ಓದಿ, ಏನು ಸಾಧ್ಯ ಎಂದು ಅಂದಾಜಿಸಿ

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಮುರುಗಲು ತುಪ್ಪ ಎಂದು ದೊಡ್ಡಕ್ಷರದಲ್ಲಿ ಬರೆದು, ಪಟ್ಟಿಯಲ್ಲಿ ಅದು ಕೊನೆಯಿಂದ ಎರಡನೆಯದಾಗಿದ್ದರೆ ನೀವು ರಿವ್ಯೂ ಮಾಡುತ್ತಿರುವುದು ಮುರುಗಲು ತುಪ್ಪವನ್ನಲ್ಲ, ಮೊದಲು ಬರೆದಿರುವ ಎಣ್ಣೆಯನ್ನು. ಬ್ಯಾಚ್ ನಂಬರು, ತಯಾರಾದ ತಿಂಗಳನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುರುಗಲು ತುಪ್ಪ ಮಾಡುವ ಕೆಲಸ ಏನು ಎನ್ನುವುದು ಗೊತ್ತಿದ್ದರೆ ಬೇಡದ್ದನ್ನು ನಿರೀಕ್ಷಿಸುವುದು ತಪ್ಪುತ್ತದೆ. ಅಂಗಾಲಿನ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ಮೈಯ ಉಳಿದ ಕಡೆ ಚರ್ಮ ತಾನೇ ಜಿಡ್ಡು ಒಸರಿ ನೀರಿನಂಶ ಹಿಡಿದುಕೊಂಡರೆ, ಹಿಮ್ಮಡಿಗೆ ಆ ಅನುಕೂಲವಿಲ್ಲ. ಅದಕ್ಕೇ ಒಣ ಗಾಳಿ ಬೀಸಿದಾಗ ಮೊದಲು ಒಡೆಯುವುದು ಅದು. ಮುರುಗಲು ತುಪ್ಪ ಗಟ್ಟಿ ಜಿಡ್ಡು, ಹೆಚ್ಚುಕಡಿಮೆ ಮೈ ಬಿಸಿಗೆ ಬಂದಾಗಲೇ ಅದು ಕರಗುವುದು. ಹಚ್ಚಿದಾಗ ಚರ್ಮದ ಮೇಲೆ ಪೊರೆಯಾಗಿ ಕೂತು, ಒಳಗಿರುವ ನೀರು ಆರಿಹೋಗದಂತೆ ತಡೆಯುತ್ತದೆ. ನೀರನ್ನು ತಾನಾಗಿ ತಂದುಕೊಡುವುದಿಲ್ಲ. ಹಾಗಾಗಿ ಒಣಗಿದ ಹಿಮ್ಮಡಿಗೆ ಒಣಗಿದಂತೆಯೇ ಹಚ್ಚಿದರೆ ಫಲ ಕಡಿಮೆ, ಕಾಲು ತೊಳೆದು ಒರೆಸಿ ಇನ್ನೂ ಸ್ವಲ್ಪ ತೇವ ಇರುವಾಗ ಹಚ್ಚಿದರೆ ಹೆಚ್ಚು.

ದಪ್ಪಗೆ ಜಡ್ಡುಗಟ್ಟಿದ ಚರ್ಮವನ್ನು ಕರಗಿಸುವ ಶಕ್ತಿಯೂ ಅದಕ್ಕಿಲ್ಲ. ಆ ಕೆಲಸಕ್ಕೆ ಅಂಗಡಿಯ ಹಿಮ್ಮಡಿ ಕ್ರೀಮುಗಳಲ್ಲಿ ಯೂರಿಯಾ ಅಥವಾ ಸ್ಯಾಲಿಸಿಲಿಕ್ ಆಮ್ಲ ಹಾಕಿರುತ್ತಾರೆ. ಪಟ್ಟಿಯಲ್ಲಿ ಅವೆರಡೂ ಇಲ್ಲದಿದ್ದರೆ "ಜಡ್ಡು ಹೋಗಲಿಲ್ಲ" ಎಂದು ಮುಲಾಮನ್ನು ಬಯ್ಯುವುದು ನ್ಯಾಯವಲ್ಲ. "ಇದರಲ್ಲಿ ಜಡ್ಡು ತೆಗೆಯುವ ಪದಾರ್ಥ ಇಲ್ಲ, ಜಡ್ಡು ಇರುವವರು ಮೊದಲು ಕಲ್ಲಿನಿಂದ ತಿಕ್ಕಬೇಕು" ಎಂದು ಬರೆಯುವುದು ನ್ಯಾಯ. ಡಬ್ಬಿಯಲ್ಲಿ ಮುಲಾಮು ಹರಳು ಹರಳಾಗಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ದಾರಿಯಲ್ಲಿ ಬಿಸಿಲಿಗೆ ಕರಗಿ ನಿಧಾನವಾಗಿ ಗಟ್ಟಿಯಾದ ಜಿಡ್ಡು ಹಾಗಾಗುವುದುಂಟು. ಕೆಟ್ಟದ್ದನ್ನು ಮೂಗು ಹೇಳುತ್ತದೆ: ಹಳೇ ಕೊಬ್ಬರಿಯ ಕಮಟು ವಾಸನೆ ಬಂದರೆ ವಾಪಸ್ ಕೊಡಿ.

ಹಂತ 3: ಮುಂಗೈಯ ಒಳಮೈಗೆ ಒಂದು ವಾರ

ಹಿಮ್ಮಡಿಗೆ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ. ಒಂದು ರಾತ್ರಿ ಹಚ್ಚಿ "ಏನೂ ಆಗಲಿಲ್ಲ" ಎನ್ನುವವರು ಬಹಳ. ಆದರೆ ಅಲರ್ಜಿ ತಕ್ಷಣ ಬರುವುದು ಕಡಿಮೆ. ಮೊದಲೇ ಅಲರ್ಜಿ ಇದ್ದವರಿಗೂ ಅದು ಕಾಣಿಸಿಕೊಳ್ಳಲು ಎರಡು ಮೂರು ದಿನ ಹಿಡಿಯಬಹುದು. ಹಚ್ಚಿದ ಐದು ನಿಮಿಷದಲ್ಲೇ ಚುರುಗುಟ್ಟಿ ಆಮೇಲೆ ತಣ್ಣಗಾದರೆ ಅದು ಹೆಚ್ಚಾಗಿ ಬರೀ ಉರಿ. ಬಿರುಕಿನೊಳಗೆ ಕರ್ಪೂರ, ಪರಿಮಳ ತಾಗಿದಾಗ ಹೀಗಾಗುತ್ತದೆ. ಎರಡು ದಿನ ಬಿಟ್ಟು ತುರಿಕೆ ಬಂದು, ಕೆಂಪು ಹಚ್ಚಿದ ಗೆರೆ ದಾಟಿ ಹರಡಿ, ಸಣ್ಣ ಗುಳ್ಳೆ ಎದ್ದರೆ ಅಲರ್ಜಿ ಎಂದು ಅನುಮಾನಿಸಿ ನಿಲ್ಲಿಸಿ.

ರಿವ್ಯೂನಲ್ಲಿ ಈ ಪರೀಕ್ಷೆಯ ಬಗ್ಗೆ ಬರೆಯುವಾಗ ಎರಡು ಮಾತು ಎಚ್ಚರದಿಂದ ಬಳಸಿ. ಕೈಗೆ ಏನೂ ಆಗಲಿಲ್ಲ ಎಂದರೆ ನಿಮಗೆ ಆಗಲಿಲ್ಲ ಎಂದಷ್ಟೇ, "ಎಲ್ಲ ಚರ್ಮಕ್ಕೂ ಸುರಕ್ಷಿತ" ಅಲ್ಲ. ಆಗಿದ್ದರೂ "ಮುರುಗಲು ತುಪ್ಪ ಅಲರ್ಜಿ" ಎಂದು ಬರೆಯಬೇಡಿ. ಡಬ್ಬಿಯಲ್ಲಿ ಐದಾರು ಪದಾರ್ಥ ಇರುವಾಗ ಯಾವುದರಿಂದ ಆಯಿತೆಂದು ನಿಮಗೆ ಗೊತ್ತಿಲ್ಲ, ಮತ್ತು ಇಂಥವುಗಳಲ್ಲಿ ಪರಿಮಳದಿಂದಲೇ ತೊಂದರೆ ಆಗುವುದು ಸಾಮಾನ್ಯ. "ಈ ಡಬ್ಬಿ ನನಗೆ ಆಗಲಿಲ್ಲ, ಪಟ್ಟಿ ಇಲ್ಲಿದೆ" ಎಂದು ಪೂರ್ತಿ ಪಟ್ಟಿ ಕೊಟ್ಟರೆ, ಅದರಲ್ಲಿ ಯಾವುದೋ ಒಂದು ಆಗದವರಿಗೆ ಅದು ಕೆಲಸಕ್ಕೆ ಬರುತ್ತದೆ.

ಶುಗರ್ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿರುವವರು, ಬಿರುಕಿನಲ್ಲಿ ರಕ್ತ ಅಥವಾ ಕೀವು ಇರುವವರು ಈ ಪ್ರಯೋಗಕ್ಕೆ ಇಳಿಯಲೇಬಾರದು, ಅವರು ನೇರ ಡಾಕ್ಟರ ಹತ್ತಿರ ಹೋಗಬೇಕು. ಈ ಸಾಲು ನಿಮ್ಮ ರಿವ್ಯೂನಲ್ಲೂ ಇರಲಿ.

ಹಂತ 4: ಒಂದು ಕಾಲಿಗೆ ಹಚ್ಚಿ, ಇನ್ನೊಂದನ್ನು ಬಿಡಿ

ಇಡೀ ಕ್ರಮದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ಕಾಲು ಎರಡಿರುವುದು ನಮ್ಮ ಪುಣ್ಯ.

ಮುಲಾಮನ್ನು ಯಾರೂ ಹಿಮ್ಮಡಿ ಚೆನ್ನಾಗಿದ್ದಾಗ ಕೊಳ್ಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿ, ಬೆಳಗಿನ ಚಳಿಗೆ ಹಂಡೆಯ ಸುಡುನೀರು ಹುಯ್ದುಕೊಂಡು, ಒಡಕು ತೀರಾ ಹೆಚ್ಚಾದಾಗ ಕೊಳ್ಳುತ್ತಾರೆ. ತೀರಾ ಹೆಚ್ಚಾದದ್ದು ಆಮೇಲೆ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ, ಏನೂ ಹಚ್ಚದಿದ್ದರೂ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಎನ್ನುತ್ತೇವಲ್ಲ, ಅದರ ಜೊತೆಗೇ ಎಷ್ಟೋ ಜನರ ಒಡಕೂ ಹೋಗುತ್ತದೆ. ಸಂಕ್ರಾಂತಿಗೆ ಹಚ್ಚಲು ಶುರುಮಾಡಿ ಶಿವರಾತ್ರಿಗೆ ಗುಣ ಕಂಡವರು ಆ ಪುಣ್ಯವನ್ನೆಲ್ಲ ಡಬ್ಬಿಗೆ ಕೊಡುತ್ತಾರೆ. ಅಡಿಕೆ ಕೊಯ್ಲು, ಸುಲಿತ ಮುಗಿದು ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುವುದು ಕಡಿಮೆಯಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎರಡೂ ಕಾಲಿಗೆ ಹಚ್ಚಿದರೆ ಇವನ್ನೆಲ್ಲ ಬಿಡಿಸಿ ನೋಡುವ ದಾರಿಯೇ ಇರುವುದಿಲ್ಲ. ಒಂದೇ ಕಾಲಿಗೆ ಹಚ್ಚಿದರೆ ಹವೆ, ಕೆಲಸ, ಸುಡುನೀರು ಎರಡಕ್ಕೂ ಸಮ, ಬೇರೆ ಇರುವುದು ಮುಲಾಮು ಮಾತ್ರ.

ಯಾವ ಕಾಲು ಎನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ನಿಮಗೆ ಬಿಟ್ಟರೆ ಹೆಚ್ಚು ಒಡೆದ ಕಾಲಿಗೇ ಹಚ್ಚುತ್ತೀರಿ, ಹೆಚ್ಚು ಇಳಿಯುವುದೂ ಅದೇ.

ರಾತ್ರಿ ಮಲಗುವ ಮೊದಲು ಎರಡೂ ಕಾಲನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಒಂದಕ್ಕೆ ಕಡಲೆಕಾಳಿನಷ್ಟು ಮುಲಾಮನ್ನು ಅಂಗೈಯಲ್ಲಿ ಬಿಸಿಮಾಡಿ ಹಚ್ಚಿ. ಎರಡಕ್ಕೂ ಹತ್ತಿಯ ಸಾಕ್ಸ್ ಹಾಕಿ. ಹಚ್ಚದ ಕಾಲಿಗೂ ಯಾಕೆ ಸಾಕ್ಸ್ ಎಂದರೆ ಸಾಕ್ಸ್ ಒಂದೇ ಸ್ವಲ್ಪ ಗುಣ ಮಾಡಬಲ್ಲದು, ಅದರ ಫಲ ಮುಲಾಮಿನ ಲೆಕ್ಕಕ್ಕೆ ಸೇರಬಾರದು. ಸಾಕ್ಸ್ ಹಾಕದೆ ಕಾವಿ ನೆಲದ ಮೇಲೆ ನಡೆದರೆ ಜಾರಿ ಬೀಳುತ್ತೀರಿ ಎನ್ನುವುದು ಬೇರೆ.

ಇನ್ನೊಂದು ಕಾಲಿಗೆ ಏನೂ ಹಚ್ಚದೆ ಬಿಡಬೇಕೋ, ಮನೆಯ ಕೊಬ್ಬರಿ ಎಣ್ಣೆ ಹಚ್ಚಬೇಕೋ ಎನ್ನುವುದು ನೀವು ಏನು ತಿಳಿಯಬೇಕೆಂದಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಏನೂ ಹಚ್ಚದಿದ್ದರೆ ಮುಲಾಮಿನಿಂದ ಫಲ ಇದೆಯೇ ಎಂದು ಗೊತ್ತಾಗುತ್ತದೆ. ಎಣ್ಣೆ ಹಚ್ಚಿದರೆ, ಅಡುಗೆಮನೆಯಲ್ಲಿ ಇರುವುದನ್ನು ಬಿಟ್ಟು ಇದಕ್ಕೆ ದುಡ್ಡು ಕೊಡುವುದು ಸರಿಯೇ ಎಂದು ಗೊತ್ತಾಗುತ್ತದೆ. ಕೊಳ್ಳುವವರಿಗೆ ಬೇಕಾದ ಉತ್ತರ ಸಾಮಾನ್ಯವಾಗಿ ಎರಡನೆಯದು. ನಾನಾದರೆ ಅದನ್ನೇ ಮಾಡುತ್ತೇನೆ.

ನಾಲ್ಕು ವಾರ ಬಿಡದೆ ನಡೆಸಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ಹಿಮ್ಮಡಿಯದು ಇನ್ನೂ ದಪ್ಪ. ಆಮೇಲೆ ಒಂದು ವಾರ ಎರಡೂ ಕಾಲಿಗೆ ಏನನ್ನೂ ಹಚ್ಚದೆ ನೋಡಿ. ಹಚ್ಚಿದ ಕಾಲು ಮತ್ತೆ ಒರಟಾಗುತ್ತ ಬಂದರೆ ಮುಲಾಮು ನಿಜವಾಗಿ ಏನೋ ಮಾಡುತ್ತಿತ್ತು ಎಂದೂ ಗೊತ್ತಾಯಿತು, ಬಿಟ್ಟರೆ ಉಳಿಯುವುದಿಲ್ಲ ಎಂದೂ ಗೊತ್ತಾಯಿತು. ಎರಡನ್ನೂ ಬರೆಯಿರಿ.

ಹಂತ 5: ಬರೆದಿಡುವುದು

ನೆನಪನ್ನು ನಂಬಬೇಡಿ. ಜಗಲಿಯ ಒಂದೇ ಜಾಗದಲ್ಲಿ, ಬೆಳಿಗ್ಗೆ ಸ್ನಾನಕ್ಕೆ ಮುಂಚೆ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಎರಡೂ ಹಿಮ್ಮಡಿಯ ಫೋಟೊ ವಾರಕ್ಕೊಮ್ಮೆ ತೆಗೆಯಿರಿ. ಸ್ನಾನದ ಮೇಲೆ ತೆಗೆದರೆ ನೀರು ಕುಡಿದ ಚರ್ಮ ಉಬ್ಬಿ ಬಿರುಕು ಚಿಕ್ಕದಾಗಿ ಕಾಣುತ್ತದೆ; ಸಂಜೆಯ ಓರೆ ಬೆಳಕಿನಲ್ಲಿ ಅದೇ ಬಿರುಕು ಆಳವಾಗಿ ಕಾಣುತ್ತದೆ. ಮಾರುವವರ "ಮೊದಲು, ಆಮೇಲೆ" ಫೋಟೊಗಳಲ್ಲಿ ಎಷ್ಟೋ ಸಲ ಬದಲಾಗಿರುವುದು ಬೆಳಕೇ.

ಫೋಟೊಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಸೀರೆಯ ಪರೀಕ್ಷೆಯ ಮೇಲೆ. ಹಳೇ ಪಾಲಿಸ್ಟರ್ ಸೀರೆಯ ಸೆರಗನ್ನು ನೆಲದ ಮೇಲೆ ಹಾಸಿ ಅದರ ಮೇಲೆ ಹಿಮ್ಮಡಿಯನ್ನು ಎಳೆಯಿರಿ. ಒರಟು ಹಿಮ್ಮಡಿ ಚರಚರ ಎಂದು ನೂಲನ್ನು ಹಿಡಿದುಕೊಳ್ಳುತ್ತದೆ, ನುಣುಪಾದದ್ದು ಸದ್ದಿಲ್ಲದೆ ಜಾರುತ್ತದೆ. ಮಾಡುವುದು ಬೆಳಿಗ್ಗೆ, ರಾತ್ರಿಯ ಜಿಡ್ಡನ್ನು ತೊಳೆದು ಒಣಗಿದ ಮೇಲೆ, ಇಲ್ಲದಿದ್ದರೆ ಜಿಡ್ಡೇ ಜಾರಿಸುತ್ತದೆ. ಸಾಧ್ಯವಿದ್ದರೆ ಯಾವ ಕಾಲಿಗೆ ಹಚ್ಚಿದ್ದೀರಿ ಎಂದು ಗೊತ್ತಿಲ್ಲದ ಒಬ್ಬರಿಂದ ಸದ್ದು ಕೇಳಿಸಿ. ಮನೆಯ ಮಕ್ಕಳು ಈ ಕೆಲಸಕ್ಕೆ ಓಡಿ ಬರುತ್ತಾರೆ, ಮುಲಾಜಿಲ್ಲದೆ ಹೇಳುತ್ತಾರೆ ಕೂಡ.

ಹಂತ 6: ಫಲ ಬೇರೆ ಬೇರೆ ಬಂದಾಗ

ಈಗ ನಿಜವಾದ ತೊಡಕಿಗೆ ಬರುತ್ತೇನೆ. ನಮ್ಮ ತಾಲೂಕಿನಲ್ಲೇ ತಯಾರಾದ ಇಂಥದೊಂದು ಮುಲಾಮನ್ನು ನಾನು, ನಮ್ಮ ಅತ್ತಿಗೆ, ಶಿವಮೊಗ್ಗ ಪೇಟೆಯಲ್ಲಿರುವ ಗೆಳತಿ ಒಂದೇ ಚಳಿಗಾಲದಲ್ಲಿ ಹಚ್ಚಿದೆವು. ಪಟ್ಟಿಯಲ್ಲಿ ಮುರುಗಲು ತುಪ್ಪವೇ ಮೊದಲು, ಆಮೇಲೆ ಎಳ್ಳೆಣ್ಣೆ, ಜೇನುಮೇಣ, ಕೊನೆಗೆ ಪರಿಮಳ.

ನನ್ನದು ಸಾಧಾರಣ ಒಡಕು. ಹೊರಗೆ ಹೋದರೆ ಚಪ್ಪಲಿ, ಒಳಗೆ ಬರಿಗಾಲು. ಕೊಬ್ಬರಿ ಎಣ್ಣೆ ಹಚ್ಚಿದ ಕಾಲಿಗೆ ಹೋಲಿಸಿದರೆ ಮುಲಾಮಿನ ಕಾಲು ಮೊದಲ ವಾರದಲ್ಲೇ ಸೀರೆಗೆ ಸಿಕ್ಕುವುದು ಕಡಿಮೆಯಾಯಿತು. ಆದರೆ ನಾಲ್ಕನೇ ವಾರದ ಹೊತ್ತಿಗೆ ಎರಡೂ ಕಾಲಿನ ಬಿರುಕು ಹೆಚ್ಚುಕಡಿಮೆ ಒಂದೇ. ಮುಲಾಮು ಬೇಗ ಮೆತ್ತಗೆ ಮಾಡಿತು, ಕೊನೆಗೆ ಹೆಚ್ಚಿಗೆ ಏನೂ ಮಾಡಲಿಲ್ಲ. ನನ್ನ ಕಾಲಿನ ಮಟ್ಟಿಗೆ ಇಷ್ಟೇ.

ಅತ್ತಿಗೆ ಬೆಳಿಗ್ಗೆಯಿಂದ ಕೊಟ್ಟಿಗೆ, ಬಚ್ಚಲು, ಅಡಿಕೆ ಹರವಿದ ಅಂಗಳ ಎಂದು ನೀರಿನಿಂದ ಬಿಸಿಲಿಗೆ, ಬಿಸಿಲಿನಿಂದ ನೀರಿಗೆ ಬರಿಗಾಲಲ್ಲೇ ಓಡಾಡುವವರು. ಹಿಮ್ಮಡಿಯ ಅಂಚಿನಲ್ಲಿ ಹಳದಿ ಬಣ್ಣದ ಜಡ್ಡು, ಅದರ ಮೇಲೆ ಆಳವಾದ ಬಿರುಕು. ಅವರು ಬೆಳಿಗ್ಗೆ ಸ್ನಾನವಾದ ಮೇಲೆ ಹಚ್ಚುತ್ತಿದ್ದರು. "ಇದ್ಕೆ ಕೊಟ್ಟ ದುಡ್ಡಲ್ಲಿ ಒಂದು ಕೇಜಿ ಬೆಲ್ಲ ಬರ್ತಿತ್ತು" ಎಂದರು. ಹಚ್ಚಿದ್ದು ಅರ್ಧ ಗಂಟೆಯಲ್ಲಿ ಸಗಣಿ ನೀರಿಗೆ, ಅಂಗಳದ ಮಣ್ಣಿಗೆ ಹೋಗುತ್ತಿತ್ತು. ಆಮೇಲೆ ಅವರು ರಾತ್ರಿ ಹಚ್ಚಲು ಶುರುಮಾಡಿದರು, ಸ್ನಾನದಲ್ಲಿ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿದರು, ಸಾಕ್ಸ್ ಹಾಕಿದರು. ನೋವು ಕಡಿಮೆಯಾಯಿತು. ಇದನ್ನು "ಸರಿಯಾಗಿ ಹಚ್ಚಿದರೆ ಗುಣವಾಗುತ್ತದೆ" ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಮೂರು ಬದಲಾವಣೆ ಒಟ್ಟಿಗೇ ಆಗಿವೆ, ಕಲ್ಲಿಗೆ ತಿಕ್ಕಿದ್ದೊಂದೇ ಸಾಕಾಗಿತ್ತೋ ಏನೋ. ಬರೆಯಬಹುದಾದದ್ದು ಇಷ್ಟು: ಬೆಳಿಗ್ಗೆ ಹಚ್ಚಿ ಬರಿಗಾಲಲ್ಲಿ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿಲ್ಲ, ರಾತ್ರಿ ಹಚ್ಚಿ, ಜಡ್ಡು ತಿಕ್ಕಿ, ಸಾಕ್ಸ್ ಹಾಕಿದಾಗ ನೋವು ಇಳಿಯಿತು, ಯಾವುದರಿಂದ ಎಂದು ಬಿಡಿಸಿ ನೋಡಿಲ್ಲ.

ಗೆಳತಿಯದು ಬೇರೆಯೇ ಕಥೆ. ಇಡೀ ದಿನ ಶೂ ಹಾಕಿ ಆಫೀಸಿನಲ್ಲಿ ಕೂರುವವಳು. ಹಚ್ಚಿದ ಮೇಲೆ ತುರಿಕೆ ಹೆಚ್ಚಾಯಿತು ಎಂದಳು. ಮೊದಲು ನಮಗೆ ಹೊಳೆದದ್ದು ಪರಿಮಳದ ಅಲರ್ಜಿ. ಆದರೆ ಅವಳ ಮುಂಗೈಗೆ ಏನೂ ಆಗಿರಲಿಲ್ಲ. ಅಂಗಾಲನ್ನು ನೋಡಿದರೆ ಒಡಕು ಹಿಮ್ಮಡಿಯಲ್ಲಿ ಮಾತ್ರ ಇರಲಿಲ್ಲ, ಪಾದದ ತಳವೆಲ್ಲ ಹಿಟ್ಟು ಉದುರಿದ ಹಾಗೆ ಸಣ್ಣ ಹೊಟ್ಟು, ಗೆರೆಗಳಲ್ಲಿ ಇನ್ನೂ ಹೆಚ್ಚು. ಕಿರುಬೆರಳ ಸಂದಿ ಬೆಳ್ಳಗೆ ನೆನೆದಿತ್ತು. ಚರ್ಮದ ಡಾಕ್ಟರು ಹೊಟ್ಟನ್ನು ಕೆರೆದು ನೋಡಿ ಫಂಗಸ್ ಎಂದರು. ಅದಕ್ಕೆ ಬೇಕಾದದ್ದು ಫಂಗಸ್ಸಿನ ಔಷಧ; ಜಿಡ್ಡು ಹಚ್ಚಿ ಸಾಕ್ಸ್ ಹಾಕಿದರೆ ಸಂದಿಯಲ್ಲಿ ತೇವ ನಿಂತು ಅದಕ್ಕೇ ಅನುಕೂಲ. ನೋಡಿದವರು "ಒಣ ಚರ್ಮ" ಎಂದೇ ಹೇಳುವ ಕಾಲು ಅದು. ಹಿಮ್ಮಡಿಯ ಮುಲಾಮಿಗೆ ಬರುವ "ನನಗೆ ಆಗಲಿಲ್ಲ" ಮಾತುಗಳಲ್ಲಿ ಇಂಥವೂ ಸೇರಿರುತ್ತವೆ ಎಂದು ನನ್ನ ಅನುಮಾನ. ಅದರಲ್ಲೂ ಮಳೆಗಾಲದಲ್ಲಿ, ಶೂ ಮೂರು ದಿನ ಒಣಗದ ನಮ್ಮ ಕಡೆ.

ಈ ಮೂವರಿಂದ ಒಂದು ಸರಾಸರಿ ತೆಗೆದು "ಐದಕ್ಕೆ ಮೂರು ನಕ್ಷತ್ರ" ಎಂದರೆ ಆ ಮೂರು ನಮ್ಮಲ್ಲಿ ಯಾರ ಕಾಲಿಗೂ ಹೊಂದುವುದಿಲ್ಲ. ನಕ್ಷತ್ರ ಹಾಕಲೇಬೇಕಾದ ಕಡೆ ನಿಮ್ಮ ಕಾಲಿನದನ್ನು ಮಾತ್ರ ಹಾಕಿ, ಉಳಿದದ್ದನ್ನು ಮಾತಿನಲ್ಲಿ ಬರೆಯಿರಿ.

ಜನ ಹೆಚ್ಚಿದ್ದರೆ ಸಾಕಲ್ಲ ಎನ್ನುವವರಿಗೆ ಒಂದು ಸುಲಭ ಲೆಕ್ಕ ಇದೆ. ಹಚ್ಚಿದವರಲ್ಲಿ ಒಬ್ಬರಿಗೂ ತೊಂದರೆ ಆಗದಿದ್ದರೆ, ಮೂರನ್ನು ಆ ಜನರ ಸಂಖ್ಯೆಯಿಂದ ಭಾಗಿಸಿ. ತೊಂದರೆಯ ಪ್ರಮಾಣ ಅಷ್ಟರವರೆಗೂ ಇರಬಹುದು, ಇಲ್ಲವೆನ್ನಲು ನಿಮ್ಮಲ್ಲಿ ಆಧಾರವಿಲ್ಲ. 30 ಜನ ಹಚ್ಚಿ ಯಾರಿಗೂ ಏನೂ ಆಗಲಿಲ್ಲ ಎಂದರೂ ಹತ್ತರಲ್ಲಿ ಒಬ್ಬರಿಗೆ ಆಗುವ ಸಾಧ್ಯತೆ ಉಳಿದೇ ಇರುತ್ತದೆ. ಮಹಿಳಾ ಸಂಘದ ಅಷ್ಟೂ ಸದಸ್ಯರು ಹಚ್ಚಿ ಸುಖವಾಗಿದ್ದಾರೆ ಎನ್ನುವುದು ಸಂತೋಷವೇ, ಆದರೆ ಅದರಿಂದ "ಯಾರಿಗೂ ಅಲರ್ಜಿ ಇಲ್ಲ" ಎನ್ನುವ ಮಾತು ಹುಟ್ಟುವುದಿಲ್ಲ. ಮೇಲಾಗಿ ಒಂದೇ ಮನೆ, ಒಂದೇ ಕೇರಿಯವರ ನೀರು, ಕೆಲಸ, ಹವೆ ಎಲ್ಲ ಒಂದೇ ಆಗಿರುತ್ತದೆ. ಆಗುಂಬೆಯ ಕಡೆ ಮಳೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಶಿಕಾರಿಪುರದ ಕಡೆ ಹೋದರೆ ಅರೆ ಬಯಲು. ಒಂದೇ ಜಿಲ್ಲೆಯ ಎರಡು ಹಿಮ್ಮಡಿಗಳೂ ಒಂದೇ ಗಾಳಿಯಲ್ಲಿಲ್ಲ.

ಹಂತ 7: ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆ ಬೇರೆ

ಬರೆಯಲು ಕೂತಾಗ ಪ್ರತಿ ವಾಕ್ಯವನ್ನೂ ಹಿಡಿದು ಇದು ಈ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ. "ಬಿರುಕು ಮುಚ್ಚಿತು" ಕಂಡದ್ದು. "ಅತ್ತಿಗೆಗೆ ನೋವು ಇಳಿಯಿತಂತೆ" ಕೇಳಿದ್ದು. "ಜೇನುಮೇಣದಿಂದ ಹೆಚ್ಚು ಹೊತ್ತು ನಿಲ್ಲುತ್ತದೆ" ಎನ್ನುವುದು ಊಹೆ. ಮೇಣ ಇಲ್ಲದ ಮುಲಾಮನ್ನು ನೀವು ಪಕ್ಕದಲ್ಲಿಟ್ಟು ನೋಡಿಲ್ಲ. ಊಹೆಯನ್ನು ಬರೆಯಬಾರದೆಂದಲ್ಲ, ಕಂಡದ್ದರ ಸಾಲಿನಲ್ಲಿ ಕೂರಿಸಬಾರದು.

ಬಹಳ ಜನ ಕೊನೆಯಲ್ಲಿ "ಇದು ನನ್ನ ವೈಯಕ್ತಿಕ ಅನುಭವ, ಒಬ್ಬೊಬ್ಬರಿಗೆ ಒಂದೊಂದು ತರ" ಎಂದು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಆ ವಾಕ್ಯ ಯಾವ ಡಬ್ಬಿಗೂ ಸಲ್ಲುತ್ತದೆ, ಆದ್ದರಿಂದ ಯಾವುದಕ್ಕೂ ಏನನ್ನೂ ಹೇಳುವುದಿಲ್ಲ. ಮಿತಿ ಹೇಳುವುದಾದರೆ ಹೆಸರು ಹಿಡಿದು ಹೇಳಬೇಕು: ಮಳೆಗಾಲದಲ್ಲಿ ಹಚ್ಚಿ ನೋಡಿಲ್ಲ, ಜಡ್ಡು ಇರುವ ಹಿಮ್ಮಡಿ ನನ್ನದಲ್ಲ, ಮುಖಕ್ಕೆ ಹಚ್ಚಿಲ್ಲ, ಮಕ್ಕಳಿಗೆ ಹಚ್ಚಿಲ್ಲ, ಒಂದೇ ಬ್ಯಾಚಿನ ಡಬ್ಬಿ. ಓದುವವರು ತಮ್ಮ ಕಾಲು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಎಂದು ನೋಡಿಕೊಳ್ಳುತ್ತಾರೆ.

ಡಬ್ಬಿ ಬಿಟ್ಟಿಯಾಗಿ ಬಂದಿದ್ದರೆ, ಮಾಡಿದವರು ನೆಂಟರಾಗಿದ್ದರೆ ಅದು ಮೊದಲ ಸಾಲಿನಲ್ಲೇ ಬರಲಿ. ವಸ್ತುವನ್ನು ಉಚಿತವಾಗಿ ಪಡೆದು ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ನಮ್ಮ ಕಡೆ ಇದು ಕಾನೂನಿಗಿಂತ ಮುಲಾಜಿನ ಪ್ರಶ್ನೆ. ದೊಡ್ಡಮ್ಮನ ಮಗಳು ಮಾಡಿದ ಮುಲಾಮಿಗೆ "ಸುಮಾರು" ಎಂದು ಬರೆದರೆ ಮುಂದಿನ ಚೌತಿಗೆ ಮುಖ ನೋಡಬೇಕಲ್ಲ. ಅಂಥದ್ದಕ್ಕೆ ರಿವ್ಯೂ ಬರೆಯದೇ ಇರುವುದು ಒಳ್ಳೆಯದು. ಅವಳಿಗೇ ನೇರವಾಗಿ ಹೇಳಿ.

ಹಂತ 8: ಬರೆದಾಗ ಹೀಗಿರುತ್ತದೆ

ಮೇಲಿನದೆಲ್ಲ ಸೇರಿ ನಾನು ಬರೆದದ್ದು ಇದು. ಉದ್ದವೇನಲ್ಲ.

> ದುಡ್ಡು ಕೊಟ್ಟು ಕೊಂಡದ್ದು, ಮಾಡಿದವರ ಪರಿಚಯವಿಲ್ಲ. ಸಾಗರ ತಾಲೂಕಿನ ಹಳ್ಳಿ, ಜನವರಿಯ ಒಣ ಚಳಿ. ನನ್ನದು ಜಡ್ಡಿಲ್ಲದ ಸಾಧಾರಣ ಒಡಕು. ಒಂದು ಕಾಲಿಗೆ ಇದು, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ, ರಾತ್ರಿ ತೇವದ ಕಾಲಿಗೆ, ಎರಡಕ್ಕೂ ಸಾಕ್ಸ್, ನಾಲ್ಕು ವಾರ. ಇದು ಹಚ್ಚಿದ ಕಾಲು ಮೊದಲ ವಾರದಲ್ಲೇ ಹೆಚ್ಚು ನುಣುಪಾಯಿತು. ಬಿರುಕು ಕೂಡುವುದರಲ್ಲಿ ಕೊನೆಗೆ ಎಣ್ಣೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಬಿಟ್ಟ ಒಂದು ವಾರಕ್ಕೆ ಎರಡೂ ಕಾಲು ಮತ್ತೆ ಒರಟು. ಚಳಿಯ ಬೆಳಿಗ್ಗೆ ಡಬ್ಬಿಯಲ್ಲಿ ಕಲ್ಲಿನಂತೆ ಗಟ್ಟಿ, ಉಗುರಿನಿಂದ ಕೆರೆಯಬೇಕು.
>
> ಮನೆಯ ಇನ್ನೊಬ್ಬರು ಬೆಳಿಗ್ಗೆ ಹಚ್ಚಿ ಬರಿಗಾಲಲ್ಲಿ ಕೆಲಸ ಮಾಡಿದಾಗ ಉಪಯೋಗ ಕಾಣಲಿಲ್ಲ. ರಾತ್ರಿಗೆ ಬದಲಿಸಿ, ಜಡ್ಡನ್ನೂ ತಿಕ್ಕಿದ ಮೇಲೆ ನೋವು ಕಡಿಮೆ ಎಂದರು. ಯಾವುದರಿಂದ ಎಂದು ಗೊತ್ತಿಲ್ಲ. ಮತ್ತೊಬ್ಬರಿಗೆ ತುರಿಕೆ ಹೆಚ್ಚಾಗಿ, ಡಾಕ್ಟರು ಫಂಗಸ್ ಎಂದರು. ಪಾದದ ತಳವೆಲ್ಲ ಹೊಟ್ಟು ಏಳುತ್ತಿದ್ದರೆ, ಬೆರಳ ಸಂದಿ ನೆನೆದಿದ್ದರೆ ಇದನ್ನು ಹಚ್ಚುವ ಮೊದಲು ತೋರಿಸಿಕೊಳ್ಳಿ. ಶುಗರ್ ಇರುವವರು, ಬಿರುಕಿನಲ್ಲಿ ರಕ್ತ ಬರುವವರು ಇದನ್ನು ಹಚ್ಚಿ ಕಾಯಬೇಡಿ.
>
> ನೋಡದೇ ಇರುವುದು: ಮಳೆಗಾಲ, ಮುಖ, ಮಕ್ಕಳ ಚರ್ಮ, ಬೇರೆ ಬ್ಯಾಚು. ನನ್ನ ಮುಂಗೈಗೆ ಒಂದು ವಾರ ಹಚ್ಚಿ ಏನೂ ಆಗಲಿಲ್ಲ, ಪರಿಮಳ ಆಗದವರು ತಮ್ಮ ಕೈಗೆ ಹಚ್ಚಿ ನೋಡಿಕೊಳ್ಳಿ.

"ಕೊಳ್ಳಿ" ಅಥವಾ "ಕೊಳ್ಳಬೇಡಿ" ಎಂದು ಇದರಲ್ಲಿ ಇಲ್ಲ. ಬೇಗ ನುಣುಪಾಗಬೇಕು, ಮುಂದಿನ ವಾರ ಮದುವೆಯಿದೆ ಎನ್ನುವವರು ಕೊಂಡಾರು. ಎಣ್ಣೆಯೇ ಸಾಕು ಎಂದು ಬೇರೆಯವರು ಬಿಟ್ಟಾರು. ಅದು ಅವರ ಲೆಕ್ಕ.

ಬರೆದ ಮೇಲೆ

ಮನೆಯಲ್ಲಿ ಕುದಿಸಿ ತೆಗೆಯುವ ತುಪ್ಪ ಪ್ರತಿ ಬೇಸಿಗೆಗೂ ಒಂದೇ ಇರುವುದಿಲ್ಲ. ಬೀಜ ಸರಿಯಾಗಿ ಒಣಗಿರದಿದ್ದರೆ, ನೀರಿನಂಶ ಉಳಿದಿದ್ದರೆ, ಪರಿಮಳ ಬದಲಿಸಿದ್ದರೆ ಹೋದ ವರ್ಷದ ಮಾತು ಈ ವರ್ಷದ ಡಬ್ಬಿಗೆ ಸಲ್ಲುವುದಿಲ್ಲ. ಬ್ಯಾಚ್ ನಂಬರು ಬರೆದಿಟ್ಟದ್ದು ಇದಕ್ಕೇ. ಎರಡನೇ ಡಬ್ಬಿ ತಂದಾಗ ಮೊದಲಿನ ಪಟ್ಟಿಯ ಪಕ್ಕ ಇಟ್ಟು ಓದಿ, ಮುಂಗೈಗೆ ಮತ್ತೆ ಹಚ್ಚಿ ನೋಡಿ. ಬದಲಾಗಿದ್ದರೆ ಹಳೆಯ ರಿವ್ಯೂವನ್ನು ತಿದ್ದಿ ಅಳಿಸಬೇಡಿ, ಕೆಳಗೆ ತಾರೀಕು ಹಾಕಿ ಸೇರಿಸಿ. ಹಳೇ ಬ್ಯಾಚಿನ ಡಬ್ಬಿ ಯಾವುದೋ ಅಂಗಡಿಯ ಕಪಾಟಿನಲ್ಲಿ ಇನ್ನೂ ಇದ್ದೀತು, ಅದನ್ನು ಕೊಳ್ಳುವವರಿಗೆ ನಿಮ್ಮ ಮೊದಲಿನ ಮಾತೇ ಬೇಕು.